ನಾಯಕನ ಬಾಯಿಗೆ ಸಿಂದಗಿಯ ಮಾತು ಯಾಕೆ ಒಗ್ಗುವುದಿಲ್ಲ?

ಕನ್ನಡಕ್ಕೆ ಡಬ್ ಆದ ಪರಭಾಷಾ ಚಿತ್ರಗಳಲ್ಲಿ ಒಂದು ಅಲಿಖಿತ ನಿಯಮ ಕಾಣಿಸುತ್ತದೆ. ನಾಯಕ ಯಾವ ಊರಿನವನೇ ಇರಲಿ, ಬೆಂಗಳೂರು ಕಡೆಯ ಕನ್ನಡ ಆಡುತ್ತಾನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಾತು ಕೇಳಿಸಿದರೆ ಅದು ನಗಿಸುವವನ ಬಾಯಲ್ಲಿ, ಇಲ್ಲವೇ ಮಚ್ಚು ಹಿಡಿದವನ ಬಾಯಲ್ಲಿ. ಕಾರಣ ಕೇಳಿದರೆ ಸಿಗುವ ಉತ್ತರ, 'ಆ ಮಾತು ತುಟಿಗೆ ಕೂರಲ್ಲ' ಎಂಬುದು. ಈ ಉತ್ತರ ಸುಳ್ಳು. ಅದನ್ನು ತುಟಿಯಿಂದಲೇ ತೋರಿಸಬಹುದು.

ಡಬ್ಬಿಂಗ್ ಕೋಣೆಯಲ್ಲಿ ಕಲಾವಿದ ಹೆಡ್‌ಫೋನಿನಲ್ಲಿ ಮೂಲದ ದನಿ ಕೇಳುತ್ತಾ, ಪರದೆಯ ಬಾಯಿ ನೋಡುತ್ತಾ, ದೃಶ್ಯವನ್ನು ಸಣ್ಣ ಸಣ್ಣ ತುಂಡುಗಳಲ್ಲಿ ಮಾತಾಡುತ್ತಾನೆ. ಅವನು ಮುಖ್ಯವಾಗಿ ಮೂರನ್ನು ಗಮನಿಸುತ್ತಾನೆ. ಬಾಯಿ ಎಷ್ಟು ಸಲ ತೆರೆಯಿತು ಎಂಬುದು ಒಂದು. ಪ, ಬ, ಮ ಅಕ್ಷರಗಳಿಗೆ ತುಟಿ ಎಲ್ಲಿ ಮುಚ್ಚಿತು ಎಂಬುದು ಎರಡು. ಒ, ಉ ಸ್ವರಗಳಿಗೆ ಎಲ್ಲಿ ದುಂಡಗಾಯಿತು ಎಂಬುದು ಮೂರು. ಮುಖ ಹತ್ತಿರ ಇದ್ದಾಗ ಇವು ತಪ್ಪಿದರೆ ಪ್ರೇಕ್ಷಕನಿಗೆ ಕೂಡಲೇ ಗೊತ್ತಾಗುತ್ತದೆ. ದೂರದ ಶಾಟಿನಲ್ಲಿ ಅಥವಾ ಬೆನ್ನು ತಿರುಗಿಸಿದಾಗ ಯಾವ ಮಾತಾದರೂ ನಡೆಯುತ್ತದೆ.

ತಮಿಳಿನ ಒಂದು ಸಾದಾ ಮಾತು ತೆಗೆದುಕೊಳ್ಳಿ: 'ನಾನ್ ಪೋರೇನ್'. ಮನೆ ಬಿಟ್ಟು ಹೊರಡುವವನ ಮಾತು. ಬಾಯಿ ತೆರೆಯುವುದು ಮೂರು ಸಲ. ನಡುವೆ 'ಪೋ'ಗೆ ತುಟಿ ಮುಚ್ಚಿ ದುಂಡಗಾಗುತ್ತದೆ, ಕೊನೆಗೆ 'ಏ' ಅಗಲಕ್ಕೆ ಬರುತ್ತದೆ. ಇದಕ್ಕೆ 'ನಾನು ಹೋಗ್ತೀನಿ' ಎಂದು ಬರೆದರೆ ಐದು ಸಲ ಬಾಯಿ ತೆರೆಯಬೇಕು. ಕಲಾವಿದ ಓಡಿಸಿ ಹೇಳುತ್ತಾನೆ, ಓಡಿಸಿದಾಗ ಅಗಲಿಕೆಯ ಭಾರ ಹೋಗಿ ಅವಸರ ಮಾತ್ರ ಉಳಿಯುತ್ತದೆ. ವಿಜಯಪುರ ಸೀಮೆಯವನು ಅದನ್ನೇ 'ನಾ ಹೊಂಟೆ' ಎನ್ನುತ್ತಾನೆ. ಮೂರೇ ಸಲ, ನಡುವೆ ದುಂಡು, ಕೊನೆಗೆ 'ಎ'. ತುಟಿ ಮುಚ್ಚುವುದೊಂದೇ ಕೊರತೆ. ಮುಖ ತೀರಾ ಹತ್ತಿರವಿದ್ದರೆ 'ನಾ ಬರ್ತೀನಿ' ಎಂದು ಬರೆಯಬಹುದು. ಹೋಗುವಾಗ 'ಬರ್ತೀನಿ' ಎನ್ನುವುದು ನಮ್ಮ ವಾಡಿಕೆಯೇ. 'ಬ'ಗೆ ತುಟಿ ಮುಚ್ಚುತ್ತದೆ, ದುಂಡು ಹೋಗುತ್ತದೆ, ಬಾಯಿ ಒಂದು ಸಲ ಹೆಚ್ಚು ತೆರೆಯುತ್ತದೆ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಶಾಟ್ ತೀರ್ಮಾನಿಸುತ್ತದೆ.

ಎಲ್ಲ ಕಡೆ ಈ ಮಾತು ಗೆಲ್ಲುತ್ತದೆ ಎಂದಲ್ಲ. ಪರದೆಯ ಮೇಲೆ ನಟ 'ಅಮ್ಮಾ' ಎಂದು ಅಳುತ್ತಿದ್ದರೆ 'ಯವ್ವಾ' ಕೂರುವುದಿಲ್ಲ. 'ಮ'ಗೆ ಎರಡೂ ತುಟಿ ಸೇರುತ್ತವೆ, 'ವ'ಗೆ ಕೆಳತುಟಿ ಹಲ್ಲಿಗೆ ತಾಗುತ್ತದೆ. ಆದರೆ ಇಂಥ ತೊಡಕು ಬೆಂಗಳೂರಿನ ಕನ್ನಡಕ್ಕೂ ಇದೆ. ಅಲ್ಲಿ ಬರಹಗಾರ ಕೂತು ಬೇರೆ ಪದ ಹುಡುಕುತ್ತಾನೆ, ನಮ್ಮ ಮಾತಿನ ಬಗ್ಗೆ ಮಾತ್ರ 'ಕೂರಲ್ಲ' ಎಂದು ಎದ್ದುಬಿಡುತ್ತಾನೆ.

'ಎಲ್ಲ ಜಿಲ್ಲೆಯವರಿಗೂ ತಿಳಿಯಬೇಕಲ್ಲ' ಎಂಬ ಇನ್ನೊಂದು ವಾದಕ್ಕೆ ಸ್ವಲ್ಪ ಬೆಲೆ ಇದೆ. ಆದರೆ 2021ರ ತೆಲುಗು 'ಪುಷ್ಪ'ದ ನಾಯಕ ಚಿತ್ತೂರು ಸೀಮೆಯ ಮಾತಾಡಿದ, ಆಂಧ್ರ, ತೆಲಂಗಾಣ ಎರಡೂ ಕಡೆ ಜನ ನೋಡಿದರು. ಹಿಂದಿಯಲ್ಲಿ ಅವನಿಗೆ ದನಿ ಕೊಟ್ಟದ್ದು ನಟ ಶ್ರೇಯಸ್ ತಲ್ಪಡೆ. ಅಲ್ಲಿನ ಪ್ರೇಕ್ಷಕರು ಆ ದನಿಯನ್ನೇ ಪುಷ್ಪನೆಂದು ಒಪ್ಪಿಕೊಂಡರು. ದನಿ ಯಾರದು ಎಂಬುದರ ಮೇಲೆ ಪಾತ್ರ ನಿಲ್ಲುತ್ತದೆ. ಕನ್ನಡದಲ್ಲೇ ನೋಡಿ, ಗಿರೀಶ ಕಾಸರವಳ್ಳಿಯವರ 'ಕನಸೆಂಬೋ ಕುದುರೆಯನೇರಿ'ಯಲ್ಲಿ ಬೀದರ್ ಜಿಲ್ಲೆಯ ವೈಜನಾಥ ಬಿರಾದಾರ ಮುಖ್ಯಪಾತ್ರ ಹೊತ್ತರು. ಅದುವರೆಗೆ ಹಾಸ್ಯಕ್ಕೆ ಕರೆಯುತ್ತಿದ್ದ ನಟನ ದನಿಯಲ್ಲಿ ದುಃಖವೂ ಇದೆ ಎಂದು ಆಗ ಗೊತ್ತಾಯಿತು.

ಹಾಗೆಂದು ಬೆಂಗಳೂರಿನ ಕಲಾವಿದನಿಗೆ 'ಉತ್ತರ ಕರ್ನಾಟಕ ಸ್ಟೈಲ್ ಹೊಡಿ' ಎಂದರೆ ಸಾಲದು. ನಕಲಿಯನ್ನು ಹಿಡಿಯುವುದು ಸುಲಭ. ಅವನು ಚಿಕ್ಕ ಹುಡುಗನಿಗೂ 'ರಿ' ಹಚ್ಚುತ್ತಾನೆ, ಹಿರಿಯರಿಗೂ 'ಲೇ' ಅನ್ನುತ್ತಾನೆ, ಪ್ರೀತಿಯ ಮಾತನ್ನೂ ಕೂಗಿ ಹೇಳುತ್ತಾನೆ. 'ಹೌದ್ರಿ'ಯ ಆ 'ರಿ' ಬಾಲವಲ್ಲ, ಯಾರು ಯಾರಿಗೆ ಏನಾಗಬೇಕು ಎಂಬ ಲೆಕ್ಕ.

ಕನ್ನಡ ಉಳಿಸಬೇಕೆಂದು 1960ರ ದಶಕದಿಂದ ಡಬ್ಬಿಂಗನ್ನು ತಡೆಯಲಾಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ತಪ್ಪೆಂದಿತು, ಬಾಗಿಲು ತೆರೆಯಿತು. ಆ ಬಾಗಿಲಿನಿಂದ ಒಂದೇ ಬಗೆಯ ಕನ್ನಡ ಒಳಗೆ ಬರುತ್ತಿರುವುದು ಈಗಿನ ಜಗಳ. ಇದೇ ಇಂಡಿ ಸೀಮೆಯ ಹಲಸಂಗಿಯ ಗೆಳೆಯರು ಬೀಸುಕಲ್ಲಿನ ಹಾಡುಗಳನ್ನು ಸಂಗ್ರಹಿಸಿ, ಈ ಮಾತಿನಲ್ಲಿ ಪ್ರೀತಿ, ಅಳಲು, ಗರತಿಯ ಗಾಂಭೀರ್ಯ ಎಲ್ಲವೂ ಇದೆ ಎಂದು ಯಾವಾಗಲೋ ತೋರಿಸಿದ್ದಾರೆ.

ನಿರ್ಮಾಪಕರಿಗೆ ಕೇಳುವುದು ಇಷ್ಟೇ: ಹಳ್ಳಿಯ ನಾಯಕನಿರುವ ಮುಂದಿನ ಚಿತ್ರಕ್ಕೆ ದನಿ ಪರೀಕ್ಷೆಯನ್ನು ವಿಜಯಪುರದಲ್ಲೂ ನಡೆಸಿ, ಸಂಭಾಷಣೆಯನ್ನು ಆ ಮಾತು ಆಡುವವರಿಂದಲೇ ಬರೆಸಿ. ತುಟಿಗೆ ಕೂರುತ್ತದೋ ಇಲ್ಲವೋ, ಪರದೆಯ ಮುಂದೆ ನಿಂತು ನೋಡೋಣ.