‘ಅದನ್ನೂ ಬಾಯಿಬಿಟ್ಟು ಹೇಳಬೇಕಾ?’ ಹೌದು, ಹೇಳಬೇಕು

ನನ್ನ ಗೆಳತಿಯೊಬ್ಬಳು ಹೋದ ವರ್ಷ ಒಂಬತ್ತು ವಾರ ಒಬ್ಬನ ಜೊತೆ ಓಡಾಡಿದಳು. ಡೇಟಿಂಗ್ ಆಪಿನಲ್ಲಿ ಆದ ಪರಿಚಯ. ಅವಳು ಹಾಸನದ ಕಡೆಯವಳು, ಜಯನಗರದಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆ ಮನೆ ಮಾಡಿಕೊಂಡಿದ್ದಾಳೆ. ಅವನು ಹುಬ್ಬಳ್ಳಿಯವನು, ಕೆಲಸ ವೈಟ್‌ಫೀಲ್ಡಿನಲ್ಲಿ. ಊರಿನ ಆ ತುದಿಯಿಂದ ಮೆಟ್ರೋ ಹತ್ತಿ ಪ್ರತಿ ಶನಿವಾರ ತಪ್ಪದೆ ಬರುತ್ತಿದ್ದ. ಮೊದಲ ವಾರದ ‘ನೀವು’ ನಾಲ್ಕನೇ ವಾರಕ್ಕೆ ‘ನೀನು’ ಆಗಿತ್ತು. ಒಂದು ಭಾನುವಾರ ನಂದಿಬೆಟ್ಟಕ್ಕೆ ಹೋದಾಗ ಮಂಜಿನ ಮಧ್ಯೆ ಅವನ ಫೋಟೋ ತೆಗೆದವಳು ಅವಳೇ. ಹತ್ತು ದಿನ ಕಳೆದ ಮೇಲೆ ಅದೇ ಫೋಟೋ ಅವಳ ರೂಮ್‌ಮೇಟ್ ಫೋನಿನಲ್ಲಿ ಕಾಣಿಸಿತು, ಆಪಿನಲ್ಲಿ ಅವನ ಪ್ರೊಫೈಲಿನ ಮೊದಲ ಚಿತ್ರವಾಗಿ.

ಜಗಳವಾಯಿತು. ‘ಅದರ ಬಗ್ಗೆ ನಾವೇನೂ ಮಾತಾಡಿದ್ದಿಲ್ಲಲ್ಲ’ ಅಂದ ಅವನು. ‘ಅದನ್ನೂ ಬಾಯಿಬಿಟ್ಟು ಹೇಳಬೇಕಾ?’ ಅಂದಳು ಇವಳು. ಆ ರಾತ್ರಿ ನನಗೆ ಫೋನು ಮಾಡಿ ಅದೇ ಪ್ರಶ್ನೆ ಕೇಳಿದಳು. ಹೌದು ಕಣೇ, ಹೇಳಬೇಕು ಅಂದೆ. ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಳು. ಅವಳಿಗೆ ಅಂದು ಪೂರ್ತಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವನನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಒಬ್ಬಳು ಪ್ರೀತಿಯಿಂದ ತೆಗೆದ ಫೋಟೋವನ್ನು ಇನ್ನೊಬ್ಬಳನ್ನು ಹುಡುಕಲು ಬಳಸುವುದು ಒರಟುತನ. ‘ಮಾತಾಡಿರಲಿಲ್ಲ’ ಎನ್ನುವುದು ಅದಕ್ಕೆ ಉತ್ತರವಲ್ಲ, ವಕೀಲಿಕೆ. ಆದರೆ ಒಪ್ಪಂದವೇ ಆಗಿರದಿದ್ದಾಗ ಒಪ್ಪಂದ ಮುರಿದ ಎಂದು ದೂರುವುದೂ ಆಗದು. ವಾರಕ್ಕೊಮ್ಮೆ ಸಿಗುವುದು, ಏಕವಚನಕ್ಕೆ ಇಳಿಯುವುದು, ಊಟವಾಯಿತಾ ಎಂದು ಮೆಸೇಜು ಹಾಕುವುದು, ಇವನ್ನೆಲ್ಲ ಕೂಡಿಸಿ ಅವಳು ಮನಸ್ಸಿನಲ್ಲೇ ಒಂದು ಕರಾರು ಬರೆದುಕೊಂಡಿದ್ದಳು. ಅದರಲ್ಲಿ ಅವನ ರುಜು ಇರಲಿಲ್ಲ. ಅವನು ಅದನ್ನು ಓದಿಯೂ ಇರಲಿಲ್ಲ.

ಯಾಕೆ ಕೇಳಲಿಲ್ಲ ಎಂದು ವಿಚಾರಿಸಿದರೆ ಎಲ್ಲರೂ ಕೊಡುವ ಕಾರಣ ಒಂದೇ: ಮೊದಲು ಕೇಳಿದವರು ಸಣ್ಣವರಾಗುತ್ತಾರೆ. ಇದು ಹೊರಗೆ ಹೇಳುವ ಕಾರಣ. ಒಳಗಿನದು ಬೇರೆ. ನಮ್ಮಲ್ಲಿ ‘ಪರಿಚಯ’ಕ್ಕೂ ‘ಮದುವೆ’ಗೂ ನಡುವೆ ನಿಲ್ಲಲು ಒಂದು ಮೆಟ್ಟಿಲಿಲ್ಲ, ಅದಕ್ಕೊಂದು ಮಾತೂ ಇಲ್ಲ. ‘ಬೇರೆಯವರನ್ನು ಭೇಟಿಯಾಗುವುದು ಬಿಡೋಣವಾ?’ ಎಂದು ಹುಡುಗಿ ಕೇಳಿದರೆ, ‘ನಿಮ್ಮ ಮನೆಯವರನ್ನು ಯಾವಾಗ ಕರಕೊಂಡು ಬರ್ತೀಯ?’ ಎಂದು ಹುಡುಗನ ಕಿವಿಗೆ ಬೀಳುತ್ತದೆ. ಹುಡುಗ ಕೇಳಿದರೆ, ‘ನನ್ನನ್ನು ಕೇಳದೆ ಎಲ್ಲಿಗೂ ಹೋಗಬೇಡ’ ಎಂದು ಹುಡುಗಿಗೆ ಕೇಳುತ್ತದೆ. ಕೇಳಿದ್ದು ಸಣ್ಣ ಪ್ರಶ್ನೆ, ಮುಟ್ಟಿದ್ದು ದೊಡ್ಡ ಪ್ರಶ್ನೆ. ಹಾಗಾಗಿ ಇಬ್ಬರೂ ಬಾಯಿ ಮುಚ್ಚಿಕೊಂಡು ಒಬ್ಬರ ಫೋನನ್ನು ಇನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತ ಕೂರುತ್ತಾರೆ.

ಆ ಫೋನು ಹೇಳುವುದಾದರೂ ಏನನ್ನು? ನನ್ನ ಗೆಳತಿ ಜಗಳಕ್ಕೆ ಮುಂಚೆ ಒಂದು ವಾರ ಪತ್ತೇದಾರಿಕೆ ಮಾಡಿದ್ದಳು. ರೂಮ್‌ಮೇಟ್ ದಿನಾ ರಾತ್ರಿ ಅವನ ಪ್ರೊಫೈಲು ತೆಗೆದು, ಹಸಿರು ಚುಕ್ಕೆ ಇದೆಯಾ ಎಂದು ವರದಿ ಒಪ್ಪಿಸುತ್ತಿದ್ದಳು. ಟಿಂಡರ್‌ನಲ್ಲಿ ಆ ಚುಕ್ಕೆಗೆ ಇರುವ ಅರ್ಥ, ಕಳೆದ 24 ಗಂಟೆಯೊಳಗೆ ಆ ಮನುಷ್ಯ ಆಪ್ ತೆರೆದಿದ್ದ ಎಂದಷ್ಟೇ. ಯಾರನ್ನೋ ಹುಡುಕಿದ ಎಂದಲ್ಲ. ಇನ್ನೊಂದು ಕಡೆಯಿಂದ ನೋಡಿ. ಫೋನಿನಿಂದ ಆಪ್ ಕಿತ್ತುಹಾಕಿದರೆ ಖಾತೆ ಹೋಗುವುದಿಲ್ಲ. ಒಳಗೆ ಹೋಗಿ ಖಾತೆಯನ್ನೇ ಅಳಿಸದಿದ್ದರೆ, ಮೂರು ವಾರದ ಹಿಂದೆ ಪ್ರಾಮಾಣಿಕವಾಗಿ ಬಿಟ್ಟುಬಂದವನ ಮುಖವೂ ಬೇರೆಯವರ ಪರದೆಯಲ್ಲಿ ನಗುತ್ತಿರಬಹುದು. ಹಿಂಜ್‌ನಲ್ಲಿ ಖಾತೆಯನ್ನು ‘ಪಾಸ್’ ಮಾಡಿಟ್ಟರೆ ಹೊಸಬರಿಗೆ ನೀವು ಕಾಣುವುದಿಲ್ಲ, ಆದರೆ ಆಗಲೇ ಹೊಂದಿಕೆಯಾದವರ ಜೊತೆ ಮಾತು ಮುಂದುವರಿಸಬಹುದು. ಅಂದರೆ ಬಿಟ್ಟವನು ಇದ್ದಂತೆ ಕಾಣಬಹುದು, ಇರುವವನು ಬಿಟ್ಟಂತೆ ಕಾಣಬಹುದು. ಹೊಸ ಫೋಟೋದ ವಿಷಯ ಬೇರೆ. ಅದು ತಾನಾಗಿ ಏರುವುದಿಲ್ಲ, ಅದಕ್ಕೊಂದು ಕೈ ಬೇಕು. ಆದರೆ ಆ ಕೈಯ ಹಿಂದಿನ ಮನಸ್ಸಿನಲ್ಲಿ ಏನಿತ್ತು ಎಂದು ಫೋಟೋ ಕೂಡ ಹೇಳದು. ಅದನ್ನು ತಿಳಿಯಲು ಇರುವ ದಾರಿ ಅವನನ್ನೇ ಕೇಳುವುದು.

ಯಾವಾಗ ಕೇಳಬೇಕು? ಐದನೇ ಭೇಟಿಗೋ ಎರಡನೇ ತಿಂಗಳಿಗೋ ಎಂದು ಲೆಕ್ಕ ಹೇಳುವವರನ್ನು ನಾನು ನಂಬುವುದಿಲ್ಲ. ನೀವು ಬೇರೆಯವರ ಜೊತೆಗಿನ ಮಾತನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಿದ ದಿನ ಆ ಪ್ರಶ್ನೆ ಹುಟ್ಟುತ್ತದೆ. ನಿಲ್ಲಿಸಿದ ಮೇಲೂ ಹೇಳದೆ ಕುಳಿತರೆ, ಎದುರಿನವರಿಗೆ ಗೊತ್ತಿಲ್ಲದ ಒಂದು ಸಾಲ ಅವರ ಹೆಸರಲ್ಲಿ ಬೆಳೆಯತೊಡಗುತ್ತದೆ. ಇದಕ್ಕೊಂದು ಕಡೆಯ ಗಡುವೂ ಇದೆ. ಕಾಂಡೋಮ್ ಬೇಡ ಎಂದು ಇಬ್ಬರಲ್ಲಿ ಯಾರಿಗಾದರೂ ಅನಿಸುವ ಮೊದಲು ಈ ಮಾತು ಮುಗಿದಿರಬೇಕು. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಆದರೆ ಸೋಂಕು ತಗುಲಿದ ಮೇಲೆ ಆ ಪರೀಕ್ಷೆಯಲ್ಲಿ ಅದು ಖಚಿತವಾಗಿ ಕಾಣಲು ಮೂರು ತಿಂಗಳವರೆಗೆ ಬೇಕಾಗಬಹುದು. ಹೋದ ತಿಂಗಳ ಭೇಟಿಗೆ ಇಂದಿನ ಚೀಟಿ ಜಾಮೀನು ನಿಲ್ಲುವುದಿಲ್ಲ. ಬೇರೆ ಯಾರಾದರೂ ಇದ್ದಾರಾ ಎಂಬ ಪ್ರಶ್ನೆ ಹೊಟ್ಟೆಕಿಚ್ಚಿನದು ಎಂದುಕೊಂಡವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.

ಇನ್ನು ಕೇಳುವ ಬಗೆ. ‘ನಮ್ಮಿಬ್ಬರದು ಏನು?’ ಎನ್ನುವುದು ಅತ್ಯಂತ ಕೆಟ್ಟ ಆರಂಭ. ಅದು ಪ್ರಶ್ನೆಯಂತೆ ಕಂಡರೂ ಪರೀಕ್ಷೆ. ಕೇಳಿದವರು ತಮ್ಮ ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು ಎದುರಿನವರ ಬಾಯಿ ನೋಡುತ್ತಾರೆ. ಮೊದಲು ನಿಮ್ಮ ಜೇಬು ಬಿಚ್ಚಿ. ನನ್ನ ಗೆಳತಿ ಮೂರನೇ ದಿನ ಫೋನು ಮಾಡಿದಾಗ ನಾವಿಬ್ಬರೂ ಕೂತು ತಯಾರು ಮಾಡಿದ ಮಾತು ಹೀಗಿತ್ತು: ‘ನಾನು ಒಂದು ತಿಂಗಳಿಂದ ಬೇರೆ ಯಾರನ್ನೂ ಭೇಟಿ ಮಾಡ್ತಿಲ್ಲ, ಆಪ್‌ನೂ ನೋಡ್ತಿಲ್ಲ. ನೀನು ಹೇಳಿದ್ದಕ್ಕಲ್ಲ, ನನಗೇ ಬೇಡ ಅನ್ನಿಸ್ತು. ನೀನೂ ನಿಲ್ಲಿಸಿದ್ರೆ ನನಗೆ ಇಷ್ಟ. ಇದು ಮದುವೆ ಮಾತಲ್ಲ. ನಿನಗೆ ಏನನ್ನಿಸುತ್ತೆ?’ ಹೇಳಲು ಅರ್ಧ ನಿಮಿಷ ಸಾಕು. ಇದರಲ್ಲಿ ಆರೋಪವಿಲ್ಲ, ಬೇಡಿಕೆ ಸ್ಪಷ್ಟವಾಗಿದೆ, ಇಲ್ಲ ಎನ್ನಲು ಬಾಗಿಲೂ ತೆರೆದಿದೆ. ‘ಮದುವೆ ಮಾತಲ್ಲ’ ಎಂಬುದು ನಿಜವಾಗಿದ್ದರೆ ಮಾತ್ರ ಹೇಳಬೇಕು. ಮನಸ್ಸಿನಲ್ಲಿ ಮದುವೆಯೇ ಇದ್ದರೆ ಅದನ್ನು ಇದರ ಸೆರಗಿನಲ್ಲಿ ಮುಚ್ಚಿ ತರಬಾರದು.

ಜಾಗವೂ ಮುಖ್ಯ. ಮೆಸೇಜಿನಲ್ಲಿ ಬೇಡ, ಎರಡು ನೀಲಿ ಗೆರೆ ಬಿದ್ದ ಮೇಲಿನ ಮೌನವನ್ನು ತಾಳಿಕೊಳ್ಳುವುದು ಕಷ್ಟ. ಹಾಸಿಗೆಯಲ್ಲಿ ಬೇಡ, ಅಲ್ಲಿ ‘ಹೂಂ’ ಸುಲಭವಾಗಿ ಬರುತ್ತದೆ. ಕೊನೆಯ ಮೆಟ್ರೋಕ್ಕೆ ಹತ್ತು ನಿಮಿಷ ಇರುವಾಗ ಬೇಡ. ಲಾಲ್‌ಬಾಗಿನಲ್ಲಿ ಕೆರೆಯ ಸುತ್ತ ನಡೆಯುತ್ತ ಕೇಳು ಅಂದೆ. ಪಕ್ಕಪಕ್ಕ ನಡೆಯುವವರು ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ, ಮೌನಕ್ಕೂ ಒಂದು ಕೆಲಸವಿರುತ್ತದೆ.

ಕೇಳಿದಳು. ಅವನು ಸ್ವಲ್ಪ ದೂರ ಸುಮ್ಮನೆ ನಡೆದು, ಆಯ್ತು, ಇವತ್ತೇ ಖಾತೆ ಅಳಿಸ್ತೀನಿ ಅಂದ. ಅಲ್ಲಿಗೆ ಬಿಟ್ಟಿದ್ದರೆ ಇನ್ನೊಂದು ಜಗಳಕ್ಕೆ ಬೀಜ ಬಿದ್ದಂತೆಯೇ. ಯಾಕೆಂದರೆ ‘ನಿಲ್ಲಿಸುವುದು’ ಎಂದರೆ ಏನೇನು ಎಂದು ಬಿಡಿಸಿ ಹೇಳದಿದ್ದರೆ ಇಬ್ಬರೂ ಬೇರೆಬೇರೆ ವಿಷಯಕ್ಕೆ ಒಪ್ಪಿರುತ್ತಾರೆ. ಹೊಸ ಭೇಟಿ ಇಲ್ಲ, ಸರಿ. ಅರ್ಧಕ್ಕೆ ನಿಂತ ಹಳೆಯ ಚಾಟುಗಳ ಕಥೆಯೇನು? ಆ ಕಡೆಯೂ ಒಬ್ಬ ಮನುಷ್ಯ ಕಾಯುತ್ತಿರುತ್ತಾನೆ. ಮಾಯವಾಗುವ ಬದಲು ಅವರಿಗೂ ಒಂದು ಸಾಲು ಬರೆಯಬೇಡವೇ? ಅವಳು ಇದನ್ನು ಕೇಳಿದ ಮೇಲೆ, ಅಲ್ಲಿಯವರೆಗೆ ಯಾರ ತಲೆಗೂ ಹೊಳೆಯದಿದ್ದ ಮೂರನೆಯದು ಅವನ ಬಾಯಿಂದ ಹೊರಬಿತ್ತು. ದೀಪಾವಳಿಗೆ ಊರಿಗೆ ಹೋದಾಗ ಹುಡುಗಿ ನೋಡುವ ಶಾಸ್ತ್ರವಿದೆ. ಮ್ಯಾಟ್ರಿಮೊನಿ ಪ್ರೊಫೈಲು ಅಪ್ಪ ಹಾಕಿದ್ದು, ತನಗೂ ಅದಕ್ಕೂ ಸಂಬಂಧವಿಲ್ಲ.

ಇವಳು ಸಿಟ್ಟಾಗಬೇಕಿತ್ತು. ಆದರೆ ನಗು ಬಂತಂತೆ. ಹಾಸನದಲ್ಲಿ ಅಮ್ಮ ನಡೆಸುತ್ತಿರುವ ಇವಳದೇ ಪ್ರೊಫೈಲು ನೆನಪಾಗಿತ್ತು. ಅದಕ್ಕೆ ಜಾತಕ ಸಮೇತ ಫೋಟೋ ಕಳಿಸಿಕೊಟ್ಟವಳೂ ಇವಳೇ.

ಈ ವಿಷಯದ ಮೇಲೆ ಅಮೆರಿಕದಿಂದ ಬರುವ ಸಲಹೆಗಳಲ್ಲಿ ಈ ಅಧ್ಯಾಯವೇ ಇರುವುದಿಲ್ಲ. ನಮ್ಮ ಹುಡುಗ ಹುಡುಗಿಯರು ಎರಡು ಸಂತೆಯಲ್ಲಿ ಒಟ್ಟಿಗೆ ನಿಂತಿರುತ್ತಾರೆ. ಒಂದರಲ್ಲಿ ತಾವೇ ನಿಂತದ್ದು, ಇನ್ನೊಂದರಲ್ಲಿ ಅಪ್ಪ ಅಮ್ಮ ನಿಲ್ಲಿಸಿದ್ದು. ಎರಡನೆಯದನ್ನು ಡೇಟಿಂಗ್ ಎಂದು ಯಾರೂ ಕರೆಯುವುದಿಲ್ಲ, ಹಾಗಾಗಿ ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಉಪ್ಪಿಟ್ಟು ತಿನ್ನುತ್ತ ಕೂರಬೇಕಾದವನು, ಕಾಫಿ ತಟ್ಟೆ ಹಿಡಿದು ಬರಬೇಕಾದವಳು ತಾವೇ ತಾನೆ? ಆಪ್ ಬಿಟ್ಟಿದ್ದೇನೆ ಎಂದು ಹೇಳಿ ಭಾನುವಾರ ಹೆಣ್ಣು ನೋಡಲು ಹೋಗುವವನು ಸುಳ್ಳು ಹೇಳಿಲ್ಲದಿರಬಹುದು. ನಿಜವನ್ನೂ ಹೇಳಿಲ್ಲ.

ಅಂದು ಕೆರೆಯ ಎರಡನೇ ಸುತ್ತು ಮುಗಿಯುವಷ್ಟರಲ್ಲಿ ಅವರು ಒಪ್ಪಿಕೊಂಡದ್ದು ಇಷ್ಟು. ಇಬ್ಬರೂ ಆಪಿನ ಖಾತೆ ಅಳಿಸುವುದು. ಯಾರ ಫೋನನ್ನೂ ಯಾರೂ ನೋಡದಿರುವುದು. ಅವನು ಮನೆಯಲ್ಲಿ ಆರು ತಿಂಗಳು ಬೇಡವೆಂದು ಹೇಳುವುದು. ಅಮ್ಮನಿಗೆ ಹೇಳುವ ಧೈರ್ಯ ಇವಳಿಗೆ ಅಂದು ಬರಲಿಲ್ಲ, ಅದನ್ನೂ ಮುಚ್ಚಿಡದೆ ಹೇಳಿದಳು. ಅವನು ಯುಗಾದಿವರೆಗೆ ಕಾಯುತ್ತೇನೆ ಅಂದ. ಅಪೂರ್ಣ ಒಪ್ಪಂದ ನಿಜ. ಆದರೆ ಎಲ್ಲಿ ಅಪೂರ್ಣ ಎಂಬುದು ಇಬ್ಬರಿಗೂ ಗೊತ್ತಿತ್ತು.

‘ಬೇಡ’ ಎಂಬ ಉತ್ತರ ಬಂದರೆ? ಬರಬಹುದು. ಅದಕ್ಕಿಂತ ಹೆಚ್ಚಾಗಿ ಬರುವುದು ‘ಸ್ವಲ್ಪ ಟೈಮ್ ಬೇಕು’ ಎಂಬುದು. ಅದಕ್ಕೆ ಒಂದು ಸಲ ಬೆಲೆ ಕೊಡಿ. ಎಷ್ಟು ದಿನ ಎಂದು ಕೇಳಿ, ಆ ದಿನ ಬಂದಾಗ ಮತ್ತೆ ಕೇಳಿ. ಎರಡನೇ ಸಲವೂ ಅದೇ ಮಾತು ಬಂದರೆ ಅದು ಉತ್ತರವೇ. ಕೇಳಿದ್ದರಿಂದ ಸಂಬಂಧ ಮುರಿಯಿತು ಎನ್ನುವವರಿದ್ದಾರೆ. ಒಂದು ಪ್ರಶ್ನೆಗೆ ಮುರಿಯುವಂಥದ್ದು ಅದಕ್ಕೂ ಮುಂಚೆ ಇರಲಿಲ್ಲ, ಇದೆಯೆಂದು ನೀವೊಬ್ಬರೇ ಅಂದುಕೊಂಡಿದ್ದಿರಿ ಅಷ್ಟೆ.

ಅವರಿಬ್ಬರೂ ಈಗ ಜೊತೆಯಲ್ಲಿದ್ದಾರಾ ಎಂದು ನೀವು ಕೇಳುತ್ತೀರಿ ಎಂದು ಗೊತ್ತು. ಅದನ್ನು ಹೇಳುವುದಿಲ್ಲ. ಹೇಳಿದರೆ ಕೇಳಿದ್ದು ಸರಿಯೋ ತಪ್ಪೋ ಎಂಬುದನ್ನು ನೀವು ಅದರಿಂದಲೇ ಅಳೆಯುತ್ತೀರಿ. ಆ ಒಂಬತ್ತು ವಾರದಲ್ಲಿ ಅವಳು ನಿದ್ದೆಗೆಟ್ಟದ್ದು ಅವನು ಏನು ಮಾಡುತ್ತಿದ್ದಾನೆ ಎಂಬ ಊಹೆಯಿಂದ. ಲಾಲ್‌ಬಾಗಿನ ನಂತರ ನಿದ್ದೆಗೆಟ್ಟರೆ ಅದು ಅಮ್ಮನಿಗೆ ಹೇಗೆ ಹೇಳಲಿ ಎಂಬ ಯೋಚನೆಯಿಂದ. ಎರಡನೆಯದು ಅವಳ ಕೈಯಲ್ಲೇ ಇರುವ ಕೆಲಸ.