ಪ್ರಿಂಟ್ ಮಾತು, ಭಾಗ 4: ಬಣ್ಣ ಸರಿಸಿದ್ದೆಲ್ಲ ರಿಸೊ ಅಲ್ಲ

ಹೋದ ತಿಂಗಳ ನಮ್ಮ ಡಿಪಾರ್ಟ್‌ಮೆಂಟ್ ಪೋಸ್ಟರ್ ಮಾಡಿದ್ದು ನಾನೇ. ರಿಸೊಗ್ರಾಫ್ ಲುಕ್ ಬೇಕು ಅಂತ ರೆಡಿಮೇಡ್ ಫಿಲ್ಟರ್ ಹಾಕಿ, ಬಣ್ಣಗಳನ್ನ ಜೋರಾಗಿ ಸರಿಸಿಬಿಟ್ಟೆ. ನೋಡೋಕೆ ಸಖತ್ತಾಗಿತ್ತು. ಆದ್ರೆ ತಾರೀಖಿನ 16 ಹೋಗಿ 18 ಥರ ಕಾಣ್ತಿತ್ತು. ಇಬ್ಬರು ಜೂನಿಯರ್‌ಗಳು ಎರಡು ದಿನ ತಡವಾಗಿ ಬಂದು, ಖಾಲಿ ಹಾಲ್ ನೋಡ್ಕೊಂಡು ವಾಪಸ್ ಹೋದ್ರು. ಅವತ್ತಿಂದ ನನ್ನ ವಾದ ಇಷ್ಟೇ: ಮೆಷಿನ್ ಯಾಕೆ ತಪ್ಪುತ್ತೆ ಅಂತ ಗೊತ್ತಿಲ್ಲದೆ ಅದರ ತಪ್ಪನ್ನ ನಕಲು ಮಾಡಬಾರದು.

ರಿಸೊಗ್ರಾಫ್ ಅಂದ್ರೆ ಜಪಾನಿನ ರಿಸೊ ಕಂಪನಿ 1980ರ ದಶಕದಲ್ಲಿ ತಂದ ಪ್ರಿಂಟಿಂಗ್ ಮೆಷಿನ್. ಶಾಲೆ, ಆಫೀಸುಗಳಲ್ಲಿ ಕಡಿಮೆ ಖರ್ಚಲ್ಲಿ ನೂರಾರು ಪ್ರತಿ ತೆಗೆಯೋಕೆ ಅದನ್ನ ಬಳಸ್ತಿದ್ರು. ಒಳಗೆ ಮಾಸ್ಟರ್ ಅನ್ನೋ ತೆಳು ಹಾಳೆ ಇರುತ್ತೆ. ಮೆಷಿನ್ ಅದರಲ್ಲಿ ಬಿಸಿಯಿಂದ ಸಣ್ಣ ಸಣ್ಣ ತೂತು ಮಾಡಿ ಡ್ರಮ್‌ಗೆ ಸುತ್ತುತ್ತೆ. ಇಂಕ್ ಆ ತೂತುಗಳಿಂದ ಕಾಗದಕ್ಕೆ ಇಳಿಯುತ್ತೆ. ಒಂದು ಡ್ರಮ್‌ಗೆ ಒಂದೇ ಬಣ್ಣ. ಒಂದೇ ಡ್ರಮ್‌ನ ಮೆಷಿನ್‌ನಲ್ಲಿ ಎರಡನೇ ಬಣ್ಣ ಬೇಕಾದ್ರೆ ಡ್ರಮ್ ಬದಲಿಸಿ ಅದೇ ಕಾಗದವನ್ನ ಮತ್ತೆ ಹಾಕಬೇಕು. ಎರಡನೇ ಸಲ ಕಾಗದ ಒಂಚೂರು ಆಚೀಚೆ ಹೋಗುತ್ತೆ. ಮಿಸ್‌ರಿಜಿಸ್ಟ್ರೇಷನ್ ಅಂದ್ರೆ ಇದೇ.

ಅಂದ್ರೆ ಸರಿಯೋದು ಇಂಕಿನ ಒಂದು ಪದರ, ಇಡೀ ಪದರ. ಫಿಲ್ಟರ್‌ಗಳು ಸರಿಸೋದು ಪರದೆಯ ಕೆಂಪು, ಹಸಿರು, ನೀಲಿ ಬೆಳಕನ್ನ. ಅದಕ್ಕೇ ಅಂಚಲ್ಲಿ ಕೆಂಪು ಮತ್ತು ತಿಳಿನೀಲಿ ಗೆರೆ ಬರುತ್ತೆ. ಗುಲಾಬಿ, ನೀಲಿ ಎರಡೇ ಇಂಕಿನ ಪೋಸ್ಟರ್‌ಗೆ ಆ ಮೂರನೇ ಬಣ್ಣ ಎಲ್ಲಿಂದ ಬಂತು? ನಕಲಿ ಗೊತ್ತಾಗೋದು ಅಲ್ಲೇ.

ಈ ಪೋಸ್ಟ್‌ನ ಫೋಟೊ ಕೆ.ಆರ್. ಮಾರ್ಕೆಟ್‌ನ ಹೂವಿನಂಗಡಿದು. ಕಿತ್ತಳೆ ಚೆಂಡುಹೂ, ಹಸಿರು ಎಲೆ, ಬಿಳಿ ಮಲ್ಲಿಗೆ. ಫೋಟೊಶಾಪ್‌ನ Channels ನೋಡಿ. Red ಚಾನೆಲ್‌ನಲ್ಲಿ ಚೆಂಡುಹೂ ಬೆಳ್ಳಗೆ, ಎಲೆ ಕಪ್ಪಗೆ ಕಾಣುತ್ತೆ. ಅದು ನನ್ನ ನೀಲಿ ಇಂಕಿನ ಪದರ. Blue ಚಾನೆಲ್‌ನಲ್ಲಿ ಚೆಂಡುಹೂವೇ ಕಪ್ಪು. ಅದು ಗುಲಾಬಿ ಪದರ. ಎರಡೂ ಕೂಡಿದಾಗ ಚೆಂಡುಹೂ ಅಚ್ಚ ಗುಲಾಬಿ ಆಗುತ್ತೆ, ಎಲೆ ಕಡು ನೀಲಿ ಆಗುತ್ತೆ. ಮಲ್ಲಿಗೆ ಮೇಲೆ ಇಂಕೇ ಬೀಳಲ್ಲ, ಅಲ್ಲಿ ಕಾಣೋದು ಬರೀ ಕಾಗದ. ಒಂದೇ ಕಪ್ಪು-ಬಿಳುಪು ಚಿತ್ರಕ್ಕೆ ಎರಡು ಬಣ್ಣ ಹಚ್ಚೋ ಮಾಮೂಲಿ ಡ್ಯುಯೊಟೋನ್‌ನಲ್ಲಿ ಈ ಬೇರ್ಪಡಿಕೆ ಸಿಗಲ್ಲ.

ಗ್ರೇನ್ ಕೊನೆಯಲ್ಲಿ ಇಡೀ ಚಿತ್ರದ ಮೇಲೆ ಉದುರಿಸೋ ಧೂಳಲ್ಲ. ಮಾಸ್ಟರ್‌ನಲ್ಲಿ ತೂತು ಇದೆ ಅಥವಾ ಇಲ್ಲ, ಅರ್ಧ ತೂತು ಅಂತ ಇರಲ್ಲ. ಹಾಗಾಗಿ ತಿಳಿ ಬಣ್ಣ ಅಂದ್ರೆ ವಿರಳ ಚುಕ್ಕಿ, ಕಡು ಬಣ್ಣ ಅಂದ್ರೆ ಒತ್ತೊತ್ತಾದ ಚುಕ್ಕಿ. ಎರಡೂ ಪದರಗಳನ್ನ ಬೇರೆ ಬೇರೆ ಗ್ರೇಸ್ಕೇಲ್ ಫೈಲ್ ಮಾಡಿ, 540 ಪಿಕ್ಸೆಲ್ ಅಗಲಕ್ಕೆ ಇಳಿಸಿ, Bitmap ಮೋಡ್‌ನಲ್ಲಿ Diffusion Dither ಕೊಡಿ. ಮತ್ತೆ ಗ್ರೇಸ್ಕೇಲ್ ಮಾಡಿ Nearest Neighbor ಇಟ್ಟು 1080ಕ್ಕೆ ಹಿಗ್ಗಿಸಿ. ಆಗ ಒಂದು ಚುಕ್ಕಿ ಎರಡು ಪಿಕ್ಸೆಲ್ ಅಗಲ ಆಗುತ್ತೆ. ಅದಕ್ಕಿಂತ ಸಣ್ಣ ಚುಕ್ಕಿ ಅಪ್‌ಲೋಡ್ ಆದಾಗ ಕಲಸಿಹೋಗಿ ಕೊಳೆ ಥರ ಕಾಣುತ್ತೆ.

ಆಮೇಲೆ ಎರಡನ್ನೂ ಹೊಸ ಆರ್‌ಜಿಬಿ ಫೈಲ್‌ಗೆ ತನ್ನಿ. ಪ್ರತಿ ಪದರದ ಮೇಲೆ ಒಂದು Solid Color ಕ್ಲಿಪ್ ಮಾಡಿ, ಅದನ್ನ Screen ಮೋಡ್‌ಗೆ ಹಾಕಿ. ನೀಲಿಗೆ #0078BF, ಗುಲಾಬಿಗೆ #FF48B0. ಪದರಗಳನ್ನ ಮಾತ್ರ Multiplyನಲ್ಲಿಡಿ. ಇಂಕಿನ ಮೇಲೆ ಇಂಕ್ ಬಿದ್ದಂಗೆ ಆಗುತ್ತೆ.

ಸರಿಸೋದು ಈಗ, ಕೊನೆಗೆ. ಎ5 ಕಾಗದದ ಅಗಲ 148 ಮಿಮೀ, ಅದೇ ಇಲ್ಲಿ 1080 ಪಿಕ್ಸೆಲ್ ಅಂದ್ಕೊಂಡ್ರೆ ಒಂದು ಮಿಮೀಗೆ ಸುಮಾರು 7 ಪಿಕ್ಸೆಲ್. ನಾನು ಗುಲಾಬಿಯನ್ನ ಬಲಕ್ಕೆ 4, ಕೆಳಕ್ಕೆ 3 ಸರಿಸಿ, 0.2 ಡಿಗ್ರಿ ತಿರುಗಿಸಿದೀನಿ. ಅಷ್ಟೇ. ನನ್ನ ಹಳೇ ಪೋಸ್ಟರ್‌ನಲ್ಲಿ ಇದು 20 ಇತ್ತು, ಅಂದ್ರೆ ಹತ್ತಿರಹತ್ತಿರ 3 ಮಿಮೀ. ನಿಜವಾದ ಪ್ರಿಂಟರ್ ಆಗಿದ್ರೆ ಆ ಹಾಳೆಯನ್ನ ರದ್ದಿಗೆ ಹಾಕ್ತಿದ್ದ. ಸುತ್ತ ಬಿಳಿ ಅಂಚು ಬಿಡೋದನ್ನ ಮರೀಬೇಡಿ, ರಿಸೊ ಕಾಗದದ ತುದಿವರೆಗೆ ಪ್ರಿಂಟ್ ಮಾಡಲ್ಲ. ಸರಿ ಮಾಡಿದ್ರೆ ಚಿತ್ರದ ಎಡ ಅಂಚಲ್ಲಿ ಬರೀ ನೀಲಿಯ ಸಣ್ಣ ಪಟ್ಟಿ, ಬಲ ಅಂಚಲ್ಲಿ ಬರೀ ಗುಲಾಬಿ ಪಟ್ಟಿ ಕಾಣಬೇಕು.

ಅಕ್ಷರಗಳು ಒಂದೇ ಇಂಕಿನಲ್ಲಿರಲಿ, ನೀಲಿಯಲ್ಲಿ, ಬರೀ ಕಾಗದದ ಮೇಲೆ. ಕನ್ನಡದ ಒತ್ತಕ್ಷರಗಳು ಮೊದಲೇ ಪುಟ್ಟವು. ಎರಡು ಬಣ್ಣದಲ್ಲಿ ಹಾಕಿ ಸರಿಸಿದ್ರೆ ಯಾವ ಒತ್ತು ಅಂತಲೇ ಗೊತ್ತಾಗಲ್ಲ. ಒಂದೇ ಪದರದಲ್ಲಿದ್ರೆ ಉಳಿದದ್ದು ಎಷ್ಟೇ ಸರಿದರೂ 16 ಹದಿನಾರಾಗೇ ಇರುತ್ತೆ.

ಆ ಇಬ್ಬರು ಜೂನಿಯರ್‌ಗಳಿಗೆ: ಸಾರಿ ಕಣ್ರೋ. ಸ್ವೈಪ್ ಮಾಡಿ, ಹಳೇದು ಹೊಸದು ಎರಡೂ ಪೋಸ್ಟರ್ ಪಕ್ಕಪಕ್ಕದಲ್ಲಿವೆ.

#ಪ್ರಿಂಟ್‌ಮಾತು #ರಿಸೊ #ಎರಡೇಇಂಕು