ತುದಿಯಲ್ಲಿ ಎತ್ತರ 1 ಆಗಿಯೇ ಉಳಿದರೂ ವಿಸ್ತೀರ್ಣ ಸೊನ್ನೆಯತ್ತ ಹೋಗುವುದು ಹೇಗೆ?

‘ದಿನಕ್ಕೆ ಶೇಕಡ 1ರಷ್ಟು ಹಿಂದೆ ಬಿದ್ದರೆ ವರ್ಷದ ಕೊನೆಗೆ ಉಳಿಯುವುದು 0.03 ಮಾತ್ರ’ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಉಪದೇಶ ಹೇಗೋ ಏನೋ, ಲೆಕ್ಕ ಮಾತ್ರ ಸರಿ: 0.99³⁶⁵ ≈ 0.03. ಪಿಯುಸಿ ಗಣಿತದ ಒಂದು ಪ್ರಶ್ನೆಯ ಗುಟ್ಟೂ ಇದರಲ್ಲೇ ಇದೆ.

y = xⁿ ವಕ್ರರೇಖೆಯ ಕೆಳಗೆ, x 0ಯಿಂದ 1ರವರೆಗಿನ ವಿಸ್ತೀರ್ಣ 1/(n+1). n = 1 ಇದ್ದಾಗ ಅದು ತ್ರಿಕೋನ, ವಿಸ್ತೀರ್ಣ ಅರ್ಧ. n = 99 ಆದರೆ ನೂರರಲ್ಲೊಂದು ಪಾಲು. n ಬೆಳೆದಂತೆ ಅದು ಸೊನ್ನೆಯನ್ನು ಸಮೀಪಿಸುತ್ತದೆ.

ಆದರೆ x = 1ರಲ್ಲಿ ಎತ್ತರ ಯಾವತ್ತೂ 1 ಅಲ್ಲವೇ? ಹೌದು. ಹಾಗಾಗಿ 0.99ರ ಬಳಿ ಚಿತ್ರವನ್ನು ಎರಡು ಭಾಗ ಮಾಡಿ ನೋಡೋಣ. ಬಲಗಡೆಯ ಪಟ್ಟಿಯ ಅಗಲ 0.01, ಎತ್ತರ 1ನ್ನು ಮೀರುವುದಿಲ್ಲ. ಆದ್ದರಿಂದ ಅದರ ವಿಸ್ತೀರ್ಣ 0.01ಕ್ಕಿಂತ ಹೆಚ್ಚಿರಲಾರದು. ಎಡಗಡೆ ಎಲ್ಲೂ ಎತ್ತರ 0.99ⁿ ಅನ್ನು ದಾಟುವುದಿಲ್ಲ; n = 1000 ಆದಾಗ ಇದು 0.00005ಕ್ಕಿಂತ ಕಡಿಮೆ. ಪಟ್ಟಿಯನ್ನು ಇನ್ನೂ ತೆಳುವಾಗಿಸಿ n ಹೆಚ್ಚಿಸಿದರೆ, ಒಟ್ಟು ವಿಸ್ತೀರ್ಣವನ್ನು ಬೇಕಾದಷ್ಟು ಚಿಕ್ಕದಾಗಿಸಬಹುದು.

‘1 ಬಿಟ್ಟು ಉಳಿದೆಲ್ಲ ಕಡೆ ಎತ್ತರ ಸೊನ್ನೆಯತ್ತ ಹೋಗುತ್ತದೆ, ಆದ್ದರಿಂದ ವಿಸ್ತೀರ್ಣವೂ ಸೊನ್ನೆ’ ಎಂದಷ್ಟೇ ಹೇಳಿದರೆ ಮಾತ್ರ ಸಾಲದು. n·xⁿ ತೆಗೆದುಕೊಳ್ಳಿ. ಇಲ್ಲೂ 1ಕ್ಕಿಂತ ಕಡಿಮೆಯ ಪ್ರತಿ xನಲ್ಲಿ ಎತ್ತರ ಕೊನೆಗೆ ಸೊನ್ನೆಯತ್ತಲೇ ಇಳಿಯುತ್ತದೆ. ಆದರೂ ವಿಸ್ತೀರ್ಣ n/(n+1), ಅಂದರೆ ಅದು 1ರತ್ತ ಹೋಗುತ್ತದೆ! ತುದಿಯ ಪಟ್ಟಿ ಕಿರಿದಾದಂತೆ ಅದರ ಎತ್ತರ nವರೆಗೂ ಏರುವುದೇ ಕಾರಣ. xⁿನಲ್ಲಿ ಆ ಎತ್ತರಕ್ಕೆ 1ರ ಕಡಿವಾಣವಿದೆ.